ಹಳೇ ಗಿರಾಕಿಗೆ ದೊಡ್ಡ ಪ್ಲಾನ್: ಮೇಲ್ ಬರೆಯುವ ಮೊದಲು ಬಿಲ್ ಎಣಿಸಿ

ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಬಟ್ಟೆ ಅಂಗಡಿಯವರು ನಿಮ್ಮ ಬಿಲ್ಲಿಂಗ್ ಆಪ್ ಬಳಸುತ್ತಿದ್ದಾರೆ ಅಂದುಕೊಳ್ಳಿ. ಅವರದು ತಿಂಗಳಿಗೆ 499 ರೂಪಾಯಿಯ ಪ್ಲಾನ್. ಒಂದೇ ಲಾಗಿನ್, 300 ಬಿಲ್. ಆಮೇಲೆ ಬಿಲ್ಲಿಗೆ 2 ರೂಪಾಯಿ. ಮೇಲಿನ ಪ್ಲಾನಿಗೆ 899 ರೂಪಾಯಿ. ಅದರಲ್ಲಿ 1,000 ಬಿಲ್, ಮೂರು ಲಾಗಿನ್.

ಮೊದಲು ಅವರ ಕಡೆಯಿಂದ ಲೆಕ್ಕ ಹಾಕಿ. ಎರಡು ಪ್ಲಾನಿಗೂ ಇರುವ ವ್ಯತ್ಯಾಸ 400 ರೂಪಾಯಿ, ಅಂದರೆ 200 ಹೆಚ್ಚುವರಿ ಬಿಲ್. ತಿಂಗಳಿಗೆ 500 ಬಿಲ್ ದಾಟಿದರೆ ಮಾತ್ರ ಅವರಿಗೆ ದುಡ್ಡು ಉಳಿಯುತ್ತದೆ.

ಈಗ ಬಳಕೆ ನೋಡಿ. ದಸರಾ ತಿಂಗಳಲ್ಲಿ 910 ಬಿಲ್ ಆಗಿದೆ. ಖುಷಿಯಾಗಿ ಮೇಲ್ ಬರೆಯಲು ಕೂರಬೇಡಿ. ದಸರೆಯಲ್ಲಿ ಆ ರಸ್ತೆಯಲ್ಲಿ ಯಾರಿಗೆ ವ್ಯಾಪಾರ ಆಗಲ್ಲ ಹೇಳಿ? ಅದನ್ನು ಬದಿಗಿಟ್ಟು ಮೂರು ಮಾಮೂಲಿ ತಿಂಗಳು ತೆಗೆದುಕೊಳ್ಳಿ. ನವೆಂಬರ್ 520, ಡಿಸೆಂಬರ್ 540, ಜನವರಿ 560. ಮೂರೂ 500ರ ಮೇಲಿವೆ. ಆದರೂ ಉಳಿಯುವುದು ಒಟ್ಟು 240 ರೂಪಾಯಿ. ಇಷ್ಟಕ್ಕೇ ಯಾರೂ ಪ್ಲಾನ್ ಬದಲಿಸಲ್ಲ.

ಹಾಗಾಗಿ ಲಾಗಿನ್ ದಾಖಲೆಯನ್ನೂ ತೆರೆಯಿರಿ. ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಲಾಗಿನ್. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ, ದಿನಕ್ಕೆ ಹತ್ತಾರು ಸಲ. ಕೌಂಟರಿನಲ್ಲಿ ಗಿರಾಕಿ ಕಾಯುವಾಗ ಹೀಗಾದರೆ ಎಷ್ಟು ಕಿರಿಕಿರಿ ಅಲ್ವಾ? ನಿಜವಾದ ಕಾರಣ ಇದು. ಮೇಲ್ ಇಲ್ಲಿಂದಲೇ ಶುರುವಾಗಲಿ.

ಅವರ ದೂರು ಯಾವುದಾದರೂ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಪ್ರಿಂಟರ್ ಕೆಲಸ ಮಾಡ್ತಿಲ್ಲ ಅಂತ ನಿನ್ನೆ ಫೋನ್ ಮಾಡಿದವರಿಗೆ ಇವತ್ತು ದೊಡ್ಡ ಪ್ಲಾನ್ ಕಳಿಸಿದರೆ ಬೈಯದೆ ಇನ್ನೇನು ಮಾಡುತ್ತಾರೆ?

ಮೇಲ್ ಹೀಗಿರಲಿ:

ವಿಷಯ: ಎರಡು ಕಂಪ್ಯೂಟರ್, ಒಂದು ಲಾಗಿನ್

ನಮಸ್ಕಾರ ಸರ್,
ನಿಮ್ಮ ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿಂದ ಬಿಲ್ ಆಗುತ್ತಿದೆ. ಲಾಗಿನ್ ಒಂದೇ ಇರುವುದರಿಂದ ಒಂದು ಕಡೆ ತೆರೆದರೆ ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತದೆ. 899 ರೂಪಾಯಿಯ ಪ್ಲಾನಿನಲ್ಲಿ ಮೂರು ಲಾಗಿನ್ ಇವೆ. ಜನವರಿಯಲ್ಲಿ 560 ಬಿಲ್ಲಿಗೆ ನೀವು ಕೊಟ್ಟಿದ್ದು 1,019 ರೂಪಾಯಿ. ಇದರಲ್ಲಾಗಿದ್ದರೆ 120 ಉಳಿಯುತ್ತಿತ್ತು. ಬಿಲ್ 500ಕ್ಕಿಂತ ಕಡಿಮೆಯಾದರೆ ಹಳೇ ಪ್ಲಾನೇ ಅಗ್ಗ, ಯಾವಾಗ ಬೇಕಾದರೂ ವಾಪಸ್ ಹೋಗಬಹುದು. ಬದಲಿಸೋಣವಾ? "ಸರಿ" ಅಂತ ಉತ್ತರಿಸಿದರೆ ಸಾಕು.

ಹಳೇ ಪ್ಲಾನ್ ಅಗ್ಗ ಎನ್ನುವ ಸಾಲನ್ನು ಅಳಿಸಬೇಕು ಅನ್ನಿಸುತ್ತದೆ. ಅಳಿಸಬೇಡಿ. ವ್ಯಾಪಾರಸ್ಥರು ಆ ಲೆಕ್ಕ ಹೇಗೂ ಹಾಕಿಯೇ ಹಾಕುತ್ತಾರೆ. "ನೀವು ರಾತ್ರಿ 11.40ಕ್ಕೆ ಲಾಗಿನ್ ಆಗಿದ್ದೀರಿ" ಅಂತೆಲ್ಲ ಮಾತ್ರ ಬರೆಯಬೇಡಿ. ಬೇಹುಗಾರಿಕೆ ಮಾಡಿದ ಹಾಗೆ ಕಾಣುತ್ತದೆ.

ವಾರವಾದರೂ ಉತ್ತರ ಬರದಿದ್ದರೆ ಒಂದು ಫೋನ್ ಮಾಡಿ, ಆಮೇಲೆ ಸುಮ್ನಿರಿ. ಒಪ್ಪಿಕೊಂಡರೆ ಮುಂದಿನ ತಿಂಗಳು ಎರಡನೇ ಲಾಗಿನ್ ಬಳಕೆಯಾಗಿದೆಯಾ ನೋಡಿ. ಆಗಿಲ್ಲವೆಂದರೆ ಯಾರೂ ಅದನ್ನು ಹಾಕಿಕೊಟ್ಟಿಲ್ಲ ಅಂತಲೇ ಅರ್ಥ. ಅಂಗಡಿಗೆ ಹೋಗಿ ಹಾಕಿಕೊಟ್ಟು ಬನ್ನಿ.