ಉಳಿಸಿದ ದುಡ್ಡಿಗೆ ಎರಡು ಸಲ ತೆರಿಗೆ? ನೀವೇ ಲೆಕ್ಕ ಹಾಕಿ ನೋಡಿ

ಆದಾಯ ತೆರಿಗೆ ದುಡಿದಾಗ ಬೀಳುತ್ತದೆ, ಬಳಕೆ ತೆರಿಗೆ ಖರ್ಚು ಮಾಡಿದಾಗ. ದುಡಿದದ್ದನ್ನೆಲ್ಲ ಅಂದೇ ಖರ್ಚು ಮಾಡುವವರಿಗೆ ಇವೆರಡರಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ. ಉಳಿಸುವವರಿಗೆ ಇದೆ. ಎಷ್ಟು ಅಂತ ನೋಡಲು ಒಂದು ಕ್ಯಾಲ್ಕುಲೇಟರ್ ಸಾಕು.

ಮೊದಲು ಖರ್ಚು ಮಾಡುವವರ ಲೆಕ್ಕ ಬರೆದುಕೊಳ್ಳಿ. ಗೀತಾ 1,00,000 ರೂಪಾಯಿ ದುಡಿದರು, ಶೇ 30 ತೆರಿಗೆ ಕಟ್ಟಿದರು, ಉಳಿದ 70,000 ಖರ್ಚು ಮಾಡಿದರು. ಸೆಸ್ ಸದ್ಯಕ್ಕೆ ಬಿಡಿ. ಅವರ ಬಳಕೆ ಕಡಿಮೆಯಾದದ್ದು ಶೇ 30, ಅಷ್ಟೇ.

ಈಗ ಉಳಿಸುವವರದು. ಸುಮಾ ಕೂಡ ಅಷ್ಟೇ ದುಡಿದು, ಅಷ್ಟೇ ತೆರಿಗೆ ಕಟ್ಟಿ, 70,000 ರೂಪಾಯಿಯನ್ನು ಶೇ 7 ಬಡ್ಡಿಗೆ 10 ವರ್ಷ ಎಫ್‌ಡಿ ಇಟ್ಟರು. ಎಫ್‌ಡಿ ಬಡ್ಡಿಗೂ ಅವರ ಸ್ಲ್ಯಾಬ್‌ನಂತೆ ಶೇ 30 ತೆರಿಗೆ. ಹಾಗಾಗಿ ಬೆಳೆಯುವುದು ಶೇ 4.9 ಮಾತ್ರ. ಹತ್ತು ವರ್ಷಕ್ಕೆ ಕೈಗೆ ಬರುವುದು ಸುಮಾರು 1,12,900. ತೆರಿಗೆಯೇ ಇಲ್ಲದಿದ್ದರೆ 1,00,000 ಬೆಳೆದು ಸುಮಾರು 1,96,700 ಆಗುತ್ತಿತ್ತು. ಅಂದರೆ ಸುಮಾ ಕಳೆದುಕೊಂಡದ್ದು ಶೇ 43ರಷ್ಟು. ಇಬ್ಬರ ಸಂಬಳವೂ ಒಂದೇ, ತೆರಿಗೆ ದರವೂ ಒಂದೇ. ಕಾದದ್ದಕ್ಕೆ ಮಾತ್ರ ಹೆಚ್ಚು ಹೊರೆ.

ಮೂರನೆಯದು ಬಳಕೆ ತೆರಿಗೆ. ದುಡಿದಾಗ ತೆರಿಗೆ ಇಲ್ಲ. ಪೂರ್ತಿ 1,00,000 ಠೇವಣಿ ಇಡಿ. 1,96,700 ಆದ ಮೇಲೆ ತೆಗೆದು ಖರ್ಚು ಮಾಡುವಾಗ ಶೇ 30 ಕಟ್ಟಿ. ಉಳಿಯುವುದು ಸುಮಾರು 1,37,700. ಈಗ 70,000 ರೂಪಾಯಿಯನ್ನು ಬಡ್ಡಿಗೆ ತೆರಿಗೆಯೇ ಇಲ್ಲದಂತೆ ಶೇ 7ರಲ್ಲಿ ಬೆಳೆಸಿ ನೋಡಿ. ಅದೇ 1,37,700! ಇಲ್ಲಿ ಹೊರೆ ಶೇ 30 ಮಾತ್ರ, ಗೀತಾ ಹೊತ್ತಷ್ಟೇ. ಒಂದೇ ಸಲ ತೆರಿಗೆ ಅಂದರೆ ಇದು.

ಬಡ್ಡಿ ಹೊಸ ಆದಾಯ ಅಲ್ವಾ, ಅದಕ್ಕೆ ತೆರಿಗೆ ಹಾಕಿದರೆ ಎರಡು ಸಲ ಹೇಗಾಯಿತು ಅಂತ ಕೇಳಬಹುದು. ಕಾದದ್ದಕ್ಕೆ ಸಿಗುವ ಸಾಧಾರಣ ಬಡ್ಡಿ ಹೊಸ ಸಂಪತ್ತಲ್ಲ. ಇವತ್ತಿನ 70,000ಕ್ಕೆ ಹತ್ತು ವರ್ಷದ ಮೇಲೆ ಇರುವ ಬೆಲೆ ಅದು. ಆದರೆ ಅದೃಷ್ಟದಿಂದಲೋ, ಪೈಪೋಟಿಯೇ ಇಲ್ಲದ ವ್ಯಾಪಾರದಿಂದಲೋ ಬರುವ ದೊಡ್ಡ ಲಾಭಕ್ಕೆ ಈ ವಾದ ಸಲ್ಲದು. ಶ್ರೀಮಂತರು ಆದಾಯದ ಹೆಚ್ಚು ಪಾಲು ಉಳಿಸುವುದರಿಂದ ಬಳಕೆ ತೆರಿಗೆ ಅವರಿಗೆ ಅನುಕೂಲ ಅನ್ನುವ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಸಲಹೆಯಂತೆ ಭಾರತ 1958ರಲ್ಲಿ ಶ್ರೀಮಂತರ ಖರ್ಚಿನ ಮೇಲೇ ತೆರಿಗೆ ಹಾಕಿತು. ಬಂದ ಹಣ ತೀರಾ ಕಡಿಮೆ. 1962ರಲ್ಲಿ ಕೈಬಿಟ್ಟು, 1964ರಲ್ಲಿ ಮತ್ತೆ ತಂದು, 1966ರಲ್ಲಿ ಪೂರ್ತಿ ನಿಲ್ಲಿಸಿದರು.

ನಿಮ್ಮ ಎಫ್‌ಡಿಯನ್ನು ಹೀಗೆ ಪರೀಕ್ಷಿಸಿ: ಬಡ್ಡಿ ದರದಿಂದ ನಿಮ್ಮ ಸ್ಲ್ಯಾಬ್‌ನ ಪಾಲು ಕಳೆಯಿರಿ, ಬಂದದ್ದನ್ನು ಬೆಲೆ ಏರಿಕೆಯ ಪಕ್ಕ ಇಡಿ. ಬೆಲೆ ವರ್ಷಕ್ಕೆ ಶೇ 5 ಏರುತ್ತಿದ್ದರೆ ಸುಮಾ ಅವರ ಶೇ 4.9 ನಷ್ಟವೇ. ಪಿಪಿಎಫ್ ಬಡ್ಡಿಗೆ ಆದಾಯ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ಕಟ್ಟುವ ಹಣಕ್ಕೆ ವಿನಾಯಿತಿ ಸಿಗದಿದ್ದರೂ, ತೆರಿಗೆ ಒಂದೇ ಸಲ ಬೀಳುತ್ತದೆ.