ಮುಖ ಸೈಜುಗಲ್ಲು, ಒಳಗೆ ಕಾಡುಗಲ್ಲು: ಹೊಟ್ಟೆ ಬಿಟ್ಟ ಗೋಡೆಯ ರಿಪೇರಿ

ಹಳೆಯ ಉಗ್ರಾಣವೊಂದರ ಗೋಡೆಯನ್ನು ನಾನು ಎರಡು ಸಲ ರಿಪೇರಿ ಮಾಡಿದ್ದೇನೆ. ಎರಡನೇ ಸಲ ಮಾಡಬೇಕಾಗಿ ಬಂದಿದ್ದು ಮೊದಲನೇ ಸಲ ನಾನು ಮಾಡಿದ ಎಡವಟ್ಟಿನಿಂದ.

ಗೋಡೆ 60 ಸೆಂ.ಮೀ. ದಪ್ಪ, ಮರಳುಗಲ್ಲಿನದು. ಹೊರಗಿನಿಂದ ನೋಡಲು ಬಹಳ ಚಂದ. ಎಲ್ಲ ವರಸೆಗಳೂ, ಅಂದರೆ ಕಲ್ಲಿನ ಅಡ್ಡ ಸಾಲುಗಳು, 30 ಸೆಂ.ಮೀ. ಎತ್ತರ, ಕಲ್ಲುಗಳ ಅಂಚು ಉಳಿಯಲ್ಲಿ ನೀಟಾಗಿ ಕೆತ್ತಿದ್ದು, ಸಂದು ಮೂರೇ ಮಿ.ಮೀ. ಚೌಕವಾಗಿ ಕೆತ್ತಿದ ಕಲ್ಲನ್ನು ವರಸೆ ವರಸೆಯಾಗಿ ಕೂರಿಸಿದ ಗೋಡೆಗೆ ಕೋರ್ಸ್ಡ್ ಆಶ್ಲರ್ ಅನ್ನುತ್ತಾರೆ, ಇದಕ್ಕಿಂತ ಸರಿಯಾದದ್ದು ಇರಲ್ಲ ಅಂದುಕೊಂಡೆ. ಅಲ್ಲಲ್ಲಿ ಸಂದಿನ ಸುಣ್ಣ ಉದುರಿತ್ತು. ಸಿಮೆಂಟ್ ಗಾರೆ ಕಲಸಿ ಸಂದು ತುಂಬಿಸಿ ಬಂದೆ. ಎರಡು ಮಳೆಗಾಲ ಕಳೆದ ಮೇಲೆ ಕರೆ ಬಂತು. ಹೋಗಿ ನೋಡಿದರೆ ಗೋಡೆ ನಡುವೆ ಹೊಟ್ಟೆ ಬಿಟ್ಟಿದೆ, ಸಂದಿನ ಪಕ್ಕದ ಕಲ್ಲಿನ ಅಂಚು ಪುಡಿಪುಡಿಯಾಗಿ ಉದುರುತ್ತಿದೆ, ನಾನು ತುಂಬಿದ ಸಿಮೆಂಟ್ ಮಾತ್ರ ಹಾಗೇ ನಿಂತಿದೆ.

ಜೊತೆಗೆ ಬಂದಿದ್ದ ಹಿರಿಯ ಮೇಸ್ತ್ರಿ ಮುಂಭಾಗವನ್ನು ನೋಡಲೇ ಇಲ್ಲ. ಸೀದಾ ಬಾಗಿಲ ಹತ್ತಿರ ಹೋದರು. "ಮುಖ ಆಮೇಲೆ ನೋಡೋಣ ಸಾರ್, ಇಲ್ಲಿ ದಪ್ಪ ನೋಡಿ" ಅಂದರು. ಬಾಗಿಲ ಕಟ್ಟಿನ ಪಕ್ಕ ಗೋಡೆಯ ದಪ್ಪ ಕಾಣುತ್ತಿತ್ತು. ಹೊರಗಿನ ಕೆತ್ತಿದ ಕಲ್ಲು 18 ಸೆಂ.ಮೀ. ಮಾತ್ರ. ಅದರ ಹಿಂದೆ ಚೂರು, ಜಲ್ಲಿ, ಸುಣ್ಣ. ಅದರ ಹಿಂದೆ ಒಳಗೋಡೆಯ ಕಾಡುಗಲ್ಲು. ಒಳಮುಖಕ್ಕೆ ತೆಳ್ಳಗೆ ಸುಣ್ಣದ ಗಿಲಾವು ಬಳಿದಿದ್ದರು, ನಾನು ಅದನ್ನು ಕೆದಕಿ ನೋಡಿರಲೇ ಇಲ್ಲ. ಅಂದರೆ ಇದು ಆಶ್ಲರ್ ಗೋಡೆಯೇ ಅಲ್ಲ, ಆಶ್ಲರ್ ಮುಖ ಹೊತ್ತ ರಬ್ಬಲ್, ಅಂದರೆ ನೀಟಾಗಿ ಕೆತ್ತದ ಕಾಡುಗಲ್ಲಿನ ಗೋಡೆ. ಹಳೆಯ ದಪ್ಪ ಗೋಡೆಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಪೂರ್ತಿ ದಪ್ಪಕ್ಕೂ ಕೆತ್ತಿದ ಕಲ್ಲು ಹಾಕಿದ್ದು ಅಪರೂಪ.

ಅಲ್ಲಿಂದ ನಾನು ಗೋಡೆ ನೋಡುವ ಕ್ರಮವೇ ಬದಲಾಯಿತು. ಈಗ ಮೊದಲು ಸಂದು ನೋಡುತ್ತೇನೆ. ಹ್ಯಾಕ್ಸಾ ಬ್ಲೇಡು ಮಾತ್ರ ಹೋಗುವಷ್ಟು ಸಂದು, ಕಲ್ಲಿನ ಅಂಚು ನೇರ, ಮೂಲೆ ಚೌಕ, ಹೀಗಿದ್ದರೆ ಮುಖವಾದರೂ ಆಶ್ಲರ್. ವರಸೆ ನೇರವಾಗಿದೆ, ಆದರೆ ಸಂದು ಬೆರಳಿನಷ್ಟು ಅಗಲ, ಮುಖ ಸುತ್ತಿಗೆಯಲ್ಲಿ ಒಡೆದ ಹಾಗೆ ಒರಟು ಅಂದರೆ ಅದು ಕೋರ್ಸ್ಡ್ ರಬ್ಬಲ್. ದೂರದಿಂದ ನೋಡಿದರೆ ಇವೆರಡೂ ಒಂದೇ ಥರ ಕಾಣುತ್ತವೆ, ಹತ್ತಿರ ಹೋಗಿ ಸಂದಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ವರಸೆಯೇ ಇಲ್ಲ, ದೊಡ್ಡದು ಚಿಕ್ಕದು ಹೇಗೆ ಸಿಕ್ಕಿತೋ ಹಾಗೆ ಕೂರಿಸಿ ಮಧ್ಯೆ ಚಕ್ಕೆ ಬಡಿದಿದ್ದಾರೆ ಅಂದರೆ ರ‍್ಯಾಂಡಮ್ ರಬ್ಬಲ್. ಅದರಲ್ಲೇ ಇನ್ನೊಂದು ಜಾತಿ ಇದೆ, ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ: ಕಲ್ಲುಗಳು ಅಡ್ಡಾದಿಡ್ಡಿಯೇ, ಆದರೆ ಒಂದಿಷ್ಟು ಎತ್ತರಕ್ಕೊಮ್ಮೆ ಗೋಡೆಯುದ್ದಕ್ಕೂ ಒಂದು ಮಟ್ಟದ ಗೆರೆ ಬರುತ್ತದೆ. ಕಟ್ಟಿದವರು ಅಲ್ಲಿಗೆ ನಿಲ್ಲಿಸಿ ಮಟ್ಟ ಮಾಡಿಕೊಂಡು ಮುಂದೆ ಹೋಗಿರುತ್ತಾರೆ. ರಿಪೇರಿ ಮಾಡುವಾಗ ಆ ಗೆರೆ ಕೆಡಿಸಿದರೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ರಬ್ಬಲ್ ಗೋಡೆಗೆ ಉಬ್ಬಿದ ಸಿಮೆಂಟ್ ಪಟ್ಟಿ ಎಳೆದಿದ್ದರೆ ಅದನ್ನು ನಂಬಲೇಬೇಡಿ. ಕಲ್ಲಿನ ಮೇಲೆ ಸುಮ್ನೆ ಗೆರೆ ಎಳೆದು ಚೌಕ ಕಲ್ಲಿನ ಹಾಗೆ ತೋರಿಸಿರುತ್ತಾರೆ, ನಿಜವಾದ ಸಂದು ಬೇರೆಲ್ಲೋ ಇರುತ್ತದೆ. ಒಂದು ಕಡೆ ಕೆರೆದು ನೋಡಿ. ಗೋಡೆಯ ಮೂಲೆಯಲ್ಲಿ ಕಲ್ಲಿನ ದಪ್ಪ ಎರಡು ಮೂರು ಸೆಂ.ಮೀ. ಮಾತ್ರ ಕಂಡರೆ ಅದು ಅಂಟಿಸಿದ ಹಾಳೆ ಕಲ್ಲು. ಅದರ ಕಥೆ ಬೇರೆ.

ಆಮೇಲೆ ತಟ್ಟುವುದು. ಚಿಕ್ಕ ಮರದ ಸುತ್ತಿಗೆಯಲ್ಲಿ ಒಂದೊಂದೇ ಕಲ್ಲು ತಟ್ಟುತ್ತಾ ಹೋದರೆ ಗಟ್ಟಿ ಇದ್ದ ಕಡೆ ಟಕ್ ಅನ್ನುತ್ತದೆ, ಹಿಂದೆ ಟೊಳ್ಳಿದ್ದರೆ ಡಬ್ ಅನ್ನುತ್ತದೆ. ಉಗ್ರಾಣದ ಗೋಡೆಯಲ್ಲಿ ಡಬ್ ಅಂದ ಕಲ್ಲಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಗುರುತು ಹಾಕಿದ ಜಾಗವೂ ಹೊಟ್ಟೆ ಬಂದ ಜಾಗವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ತೂಗುಗುಂಡು ಇಳಿಬಿಟ್ಟು ಅರ್ಧರ್ಧ ಮೀಟರಿಗೆ ಅಳೆದೆವು. ಹೊರಗೆ ಅತಿ ಹೆಚ್ಚು ಅಂದರೆ 45 ಮಿ.ಮೀ. ಉಬ್ಬು. ಒಳಮುಖ ಮಾತ್ರ ನೆಟ್ಟಗೆ ಇತ್ತು. ಇದು ಮುಖ್ಯ. ಎರಡೂ ಮುಖ ಒಂದೇ ಕಡೆ ವಾಲಿದ್ದರೆ ತಳಪಾಯದ ಅಥವಾ ಚಾವಣಿ ತಳ್ಳುವ ಸಮಸ್ಯೆ ಇರಬಹುದು, ಆಗ ಇಂಜಿನಿಯರ್ ನೋಡದೆ ಕೈ ಹಾಕಬಾರದು. ಹೊರಮುಖ ಮಾತ್ರ ಉಬ್ಬಿದ್ದರೆ ಮುಖದ ಕಲ್ಲು ಗೋಡೆಯಿಂದ ಬಿಟ್ಟುಕೊಂಡಿದೆ ಅಂತ ಅರ್ಥ.

ಯಾಕೆ ಹಾಗಾಯಿತು? ಗೋಡೆಯ ನೆತ್ತಿಯ ಚಪ್ಪಡಿ ಒಡೆದಿತ್ತು. ಮಳೆನೀರು ಅಲ್ಲಿಂದ ಒಳಗಿಳಿದು ಗೋಡೆಯೊಳಗಿನ ಸುಣ್ಣವನ್ನು ತೊಳೆದಿದೆ, ಚೂರು ಜಲ್ಲಿ ಕೆಳಗೆ ಕುಸಿದು ಬೆಣೆ ಹೊಡೆದ ಹಾಗೆ ಮುಖವನ್ನು ಹೊರಗೆ ತಳ್ಳಿದೆ. ಮೊದಲು ಆ ನೀರು ಸುಣ್ಣದ ಸಂದಿನ ಮೂಲಕ ಆರಿಹೋಗುತ್ತಿತ್ತು. ನಾನು ಸಿಮೆಂಟ್ ತುಂಬಿ ಆ ದಾರಿ ಮುಚ್ಚಿದೆ. ನೀರು ಕಲ್ಲಿನ ಮೂಲಕವೇ ಹೊರಬರಬೇಕಾಯಿತು. ಅದರಲ್ಲಿ ಕರಗಿದ ಉಪ್ಪು ಕಲ್ಲಿನ ಚರ್ಮದ ಹಿಂದೆ ಹರಳುಗಟ್ಟಿ ಅಂಚು ಉದುರಿಸಿತು. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು. ಹಾಳಾದರೆ ಗಾರೆ ಹಾಳಾಗಲಿ, ಅದನ್ನು ಮತ್ತೆ ತುಂಬಬಹುದು.

ಮೊದಲು ನೆತ್ತಿಯ ಚಪ್ಪಡಿ ಸರಿ ಮಾಡಿದೆವು. ಆಮೇಲೆ ನನ್ನದೇ ಸಿಮೆಂಟ್ ತೆಗೆಯುವ ಕೆಲಸ. ಬೇಗ ಆಗಲಿ ಅಂತ ಗ್ರೈಂಡರ್ ಹಿಡಿದೆ. ಬ್ಲೇಡು ಮೂರು ಮಿ.ಮೀ. ಸಂದಿನೊಳಗೆ ನಿಲ್ಲದೆ ಮೂರು ಕಲ್ಲಿನ ಅಂಚು ಕೊಯ್ದಿತು. ಆ ಗೀರು ಈಗಲೂ ಇದೆ. ಉಳಿದದ್ದನ್ನು ಹ್ಯಾಕ್ಸಾ ಬ್ಲೇಡು ಮತ್ತು ತೆಳು ಉಳಿಯಲ್ಲಿ ಕೈಯಲ್ಲೇ ತೆಗೆದೆವು.

ಹೊಟ್ಟೆ ಬಂದ ಎರಡು ಚದರ ಮೀಟರಿನಷ್ಟು ಮುಖವನ್ನು ಬಿಚ್ಚಲೇಬೇಕಿತ್ತು. ಮೇಲಿನ ಭಾಗಕ್ಕೆ ಅಡ್ಡ ತೊಲೆ ತೂರಿಸಿ ಆಸರೆ ಕೊಟ್ಟು, ಫೋಟೋ ತೆಗೆದು, ಪ್ರತಿ ಕಲ್ಲಿಗೂ ನಂಬರ್ ಬರೆದು ಇಳಿಸಿದೆವು. ಆಶ್ಲರ್‌ನಲ್ಲಿ ನಂಬರ್ ತಪ್ಪಿದರೆ ಕಥೆ ಮುಗಿಯಿತು, ಯಾಕಂದರೆ ಪ್ರತಿ ಕಲ್ಲೂ ಅದರ ಜಾಗಕ್ಕೇ ಕೆತ್ತಿದ್ದು. ಒಳಗೆ ನೋಡಿದರೆ ಬರೀ ಮಣ್ಣು, ಪುಡಿ. ಗೋಡೆಯ ಎರಡೂ ಮುಖ ಹಿಡಿದಿಡುವ ಅಡ್ಡಗಲ್ಲು ಒಂದೂ ಇಲ್ಲ. ಅರ್ಧ ಚದರ ಮೀಟರಿಗೆ ಒಂದಾದರೂ ಅಡ್ಡಗಲ್ಲು ಬೇಕು ಅನ್ನುವುದು ಕಲ್ಲು ಕಟ್ಟಡದ ಸಾಮಾನ್ಯ ಲೆಕ್ಕ. ಅಂದರೆ ನಾವು ಬಿಚ್ಚಿದ ಜಾಗದಲ್ಲೇ ನಾಲ್ಕು ಇರಬೇಕಿತ್ತು.

ತಿರುಗಿ ಕಟ್ಟುವಾಗ ಒಂದೇ ಗೋಡೆಯಲ್ಲಿ ಎರಡು ಥರದ ಕೆಲಸ ಮಾಡಬೇಕಾಯಿತು. ಹೊರಗೆ ಆಶ್ಲರ್, ಹಿಂದೆ ರಬ್ಬಲ್. ಎರಡಕ್ಕೂ ಗಾರೆ ಬೇರೆ ಬೇರೆ. ಮರಳಿನ ಅತಿ ದಪ್ಪ ಕಾಳು ಸಂದಿನ ಅಗಲದ ಮೂರನೇ ಒಂದು ಭಾಗದಷ್ಟಿರಬಹುದು, ಅದಕ್ಕಿಂತ ದೊಡ್ಡದಿದ್ದರೆ ಕಲ್ಲು ಕೂರುವುದೇ ಇಲ್ಲ. ಮೂರು ಮಿ.ಮೀ. ಸಂದಿಗೆ ಒಂದು ಮಿ.ಮೀ.ಗಿಂತ ಸಣ್ಣಗೆ ಜರಡಿ ಹಿಡಿದ ಮರಳು ಮತ್ತು ಕೊಳೆಸಿದ ಸುಣ್ಣ ಹಾಕಿದೆವು, ಬೆಣ್ಣೆಯ ಹದಕ್ಕೆ. ಒಳಗಿನ ಕಾಡುಗಲ್ಲಿಗೆ ದಪ್ಪ ಮರಳು ಮೂರು ಪಾಲು, ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ ಒಂದು ಪಾಲು.

ಎರಡು ವರಸೆ ಮುಖ ಕಟ್ಟುವುದು, ಅದರ ಹಿಂದೆ ಅಷ್ಟೇ ಎತ್ತರಕ್ಕೆ ಒಳಗೆ ಕಟ್ಟುವುದು, ಮತ್ತೆ ಮೇಲಕ್ಕೆ. "ಕಟ್ಟುವುದು" ಅಂದರೆ ಕಲ್ಲನ್ನು ಕೈಯಲ್ಲಿ ಅಡ್ಡಡ್ಡ ಮಲಗಿಸಿ, ಗಾರೆ ಹಾಕಿ, ಸಂದಿಗೆ ಚಕ್ಕೆ ಬಡಿಯುವುದು. ಬುಟ್ಟಿಯಲ್ಲಿ ಜಲ್ಲಿ ತಂದು ಸುರಿದು ಮೇಲೆ ಗಾರೆ ಹುಯ್ದರೆ ಹಳೇ ಕಥೆಯೇ. ನಾಲ್ಕು ಅಡ್ಡಗಲ್ಲು ಕೂರಿಸಲು ಒಳಮುಖದಲ್ಲಿ ನಾಲ್ಕು ಕಡೆ ಒಂದೊಂದು ಕಲ್ಲು ತೆಗೆದೆವು. ಗೋಡೆಯ ಪೂರ್ತಿ ದಪ್ಪದ ಕಲ್ಲು ಎರಡು ಸಿಕ್ಕಿದವು. ಉಳಿದ ಎರಡು ಕಡೆ ಎರಡೆರಡು ಕಲ್ಲು ಪಕ್ಕಪಕ್ಕದಲ್ಲಿ 15 ಸೆಂ.ಮೀ. ಒಂದನ್ನೊಂದು ದಾಟುವ ಹಾಗೆ ಹಾಕಿದೆವು. ಕಬ್ಬಿಣದ ಸರಳು ಹಾಕೋಣವೇ ಅಂತ ಮಾಲೀಕರು ಕೇಳಿದರು. ಬೇಡ ಅಂದೆ, ತುಕ್ಕು ಹಿಡಿದು ಊದಿಕೊಂಡು ಕಲ್ಲು ಸೀಳುತ್ತದೆ. ಹಾಕಲೇಬೇಕಾದರೆ ಸ್ಟೇನ್‌ಲೆಸ್ ಸ್ಟೀಲ್.

ಉದುರಿದ ಎರಡು ಕಲ್ಲು ಪೂರ್ತಿ ಬದಲಾಯಿಸಿದೆವು. ಮರಳುಗಲ್ಲಿಗೆ ಪದರ ಇರುತ್ತದೆ, ನೆನೆಸಿದರೆ ಗೆರೆ ಕಾಣುತ್ತದೆ. ಪದರ ಮಲಗಿದ ಹಾಗೆ ಕೂರಿಸಬೇಕು. ಪದರದ ಮುಖವೇ ಹೊರಗೆ ಬರುವ ಹಾಗೆ ನಿಲ್ಲಿಸಿದರೆ ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಸುಲಿಯುತ್ತದೆ. ಕೆಟ್ಟ ಎರಡರಲ್ಲಿ ಒಂದು ಹೀಗೇ ಕೂತಿತ್ತು, ಆ ಒಂದರ ಪಾಪ ನನ್ನದಲ್ಲ!

ಟೊಳ್ಳಿದ್ದರೂ ಉಬ್ಬು ಬರದ ಕಡೆ ಬಿಚ್ಚಲಿಲ್ಲ. ಸಂದಿನಲ್ಲೇ ತೂತು ಮಾಡಿ, ಮೊದಲು ನೀರು ಬಿಟ್ಟು ಪುಡಿ ತೊಳೆದು, ಸುಣ್ಣದ ಗ್ರೌಟ್, ಅಂದರೆ ಹರಿಯುವಷ್ಟು ತೆಳ್ಳಗಿನ ಗಾರೆ, ಇಳಿಸಿದೆವು. ಕೆಳಗಿನಿಂದ ಮೇಲಕ್ಕೆ, ದಿನಕ್ಕೆ ಅರ್ಧ ಮೀಟರ್ ಎತ್ತರ ಮಾತ್ರ. ಹಸಿ ಗ್ರೌಟ್ ನೀರಿಗಿಂತ ಭಾರ. ಒಂದೇ ದಿನ ತುಂಬಿದರೆ ಅದರ ಒತ್ತಡಕ್ಕೇ ಮುಖ ಹೊರಗೆ ಬರುತ್ತದೆ.

ಒಳಮುಖದ ರ‍್ಯಾಂಡಮ್ ರಬ್ಬಲ್ ಇದಕ್ಕಿಂತ ಸುಲಭ, ಆದರೆ ಅವಸರ ಮಾಡಿದರೆ ಅದೂ ಕೆಡುತ್ತದೆ. ಸಂದು 25 ಮಿ.ಮೀ. ಇದ್ದ ಕಡೆ 50 ಮಿ.ಮೀ. ಆಳ ಕೆದಕಿದೆವು, ಅಂದರೆ ಅಗಲದ ಎರಡರಷ್ಟು. ತೊಳೆದು, ನೀರು ಹಿಂಗಿದ ಮೇಲೆ ಎರಡು ಸಲವಾಗಿ ಗಾರೆ ಒತ್ತಿದೆವು. ಅಗಲ ಸಂದಿಗೆ ಬರೀ ಗಾರೆ ತುಂಬಿದರೆ ಕುಗ್ಗಿ ಬಿರಿಯುತ್ತದೆ, ಚಕ್ಕೆ ಸೇರಿಸಲೇಬೇಕು. ಗಾರೆಯ ಮುಖ ಕಲ್ಲಿಗಿಂತ ಒಂಚೂರು ಒಳಗೆ ನಿಲ್ಲಿಸಿದೆವು. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ ಗಟ್ಟಿ ಕೂದಲಿನ ಬ್ರಷ್‌ನಿಂದ ಕುಟ್ಟಿದೆವು, ಕರಣೆಯಲ್ಲಿ ಉಜ್ಜಿ ನುಣ್ಣಗೆ ಮಾಡಲಿಲ್ಲ. ನುಣುಪಾದರೆ ಮೇಲೆ ಕೆನೆ ಕಟ್ಟಿ ಒಳಗೆ ಗಟ್ಟಿಯಾಗುವುದು ತಡ. ಒಂದು ವಾರ ಒದ್ದೆ ಗೋಣಿ ಹೊದಿಸಿದ್ದೆವು.

ಅದೇ ಅಂಗಳದಲ್ಲಿ ಗಾರೆಯಿಲ್ಲದ ಒಣ ಕಲ್ಲಿನ ತಡೆಗೋಡೆಯೂ ಇತ್ತು. ಅದಕ್ಕೂ ಸಂದು ತುಂಬಿಬಿಡಿ ಅಂದರು ಮಾಲೀಕರು. ಒಪ್ಪಲಿಲ್ಲ. ಹಿಂದಿನ ಮಣ್ಣಿನ ನೀರು ಹೋಗುವುದೇ ಆ ಸಂದುಗಳಿಂದ. ಕುಸಿದ ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಬಿಚ್ಚಿ, ದೊಡ್ಡ ಕಲ್ಲು ಕೆಳಗೆ ಬರುವ ಹಾಗೆ, ನೇರ ಸಂದು ಒಂದರ ಮೇಲೊಂದು ಬರದ ಹಾಗೆ ತಿರುಗಿ ಪೇರಿಸಿದೆವು. ಹಿಂದೆ ಜಲ್ಲಿ ತುಂಬಿದೆವು. ಗಾರೆ ಒಂದು ಬೊಗಸೆಯೂ ಇಲ್ಲ.

ವರ್ಷ ಕಳೆದ ಮೇಲೆ ಹೋಗಿ ಅದೇ ಗುರುತುಗಳಲ್ಲಿ ತೂಗುಗುಂಡು ಬಿಟ್ಟೆ. ಅಳತೆ ಹಾಗೇ ಇತ್ತು. ಬಾಗಿಲ ಮೇಲಿನ ಎರಡು ಕಲ್ಲು ಮಾತ್ರ ತಟ್ಟಿದರೆ ಇನ್ನೂ ಡಬ್ ಅನ್ನುತ್ತವೆ, ಗ್ರೌಟ್ ಅಲ್ಲಿಗೆ ತಲುಪಿಲ್ಲ. ಅವಕ್ಕೆ ಸೀಮೆಸುಣ್ಣದ ಗುರುತು ಹಾಕಿ ಬಂದಿದ್ದೇನೆ, ಮಳೆ ನಿಂತ ಮೇಲೆ ಮತ್ತೆ ತೂತು ಕೊರೆಯಬೇಕು.