ಲೇಹ್‌ಗೆ ಇಳಿದ ದಿನ ಲೇಹ್‌ನಲ್ಲಿ ಮಲಗಿಸುವುದಿಲ್ಲ

ಬೆಂಗಳೂರಿನಿಂದ ಲಡಾಖ್‌ಗೆ ಗುಂಪು ಕರೆದೊಯ್ಯುವ ಗೆಳೆಯರೆಲ್ಲ ನನಗೆ ಕೇಳಿದ್ದು ಒಂದೇ ಪ್ರಶ್ನೆ. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಕಾಲು ಗಂಟೆ ದಾರಿ ಇರುವಾಗ, ಸುಸ್ತಾದವರನ್ನು ಮತ್ತೆ ಎರಡು ಗಂಟೆ ಗಾಡಿಯಲ್ಲಿ ಕೂರಿಸಿ ಆಲ್ಚಿಗೆ ಯಾಕೆ ಒಯ್ಯುತ್ತೀಯಾ? ಲೇಹ್ ಪಟ್ಟಣ ಸುಮಾರು 3,500 ಮೀಟರ್, ಸಿಂಧೂ ದಂಡೆಯ ಆಲ್ಚಿ ಸುಮಾರು 3,100. ನಾನೂರು ಮೀಟರ್‌ನಲ್ಲಿ ಏನು ಮಹಾ ವ್ಯತ್ಯಾಸ ಅಂತ ನಕ್ಕವರೇ ಹೆಚ್ಚು. ನೇರ ಲೇಹ್‌ನಲ್ಲೇ ಮಲಗಿಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಹನ್ನೆರಡು ಜನರಲ್ಲಿ ಐದಾರು ಮಂದಿ ಮೊದಲ ರಾತ್ರಿಯೇ ಎತ್ತರದ ಕಾಯಿಲೆಯಿಂದ ತಲೆ ಹಿಡಿದುಕೊಂಡು ಕೂರುತ್ತಿದ್ದರು. ಈಗ ಒಬ್ಬರೋ ಇಬ್ಬರೋ. ಎಲ್ಲ ನೆನಪಿನ ಲೆಕ್ಕ, ಆದರೆ ನಾಲ್ಕು ಸೀಸನ್‌ನ ನೆನಪು.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರಷ್ಟೇ, ಕಡಿಮೆಯಾಗುವುದು ಒತ್ತಡ. ದೆಹಲಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಲೇಹ್‌ನಲ್ಲಿ ದಿಂಬಿನ ಹಾಗೆ ಉಬ್ಬಿರುವುದನ್ನು ತೋರಿಸಿದರೆ ಗುಂಪಿಗೆ ಬೇರೆ ಪಾಠ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ಉಸಿರಿಗೆ ಸಿಗುವ ಆಮ್ಲಜನಕಕ್ಕೆ ಲೇಹ್‌ನಲ್ಲಿ ಹದಿನಾಲ್ಕು ಉಸಿರು ಬೇಕು. ಮೆಟ್ಟಿಲು ಹತ್ತುವಾಗ ಎದೆ ಏರಿಳಿಯುವುದು ಅದಕ್ಕೇ, ಅದು ಕಾಯಿಲೆಯಲ್ಲ.

ಆದರೆ ಹೆಚ್ಚು ಉಸಿರಾಡಿದರೆ ಇನ್ನೊಂದು ತೊಡಕಿದೆ. ಕುತ್ತಿಗೆಯ ಎರಡೂ ಬದಿ, ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಗ್ರಂಥಿಗಳಿವೆ. ಆಮ್ಲಜನಕ ಇಳಿದದ್ದು ಮೊದಲು ಗೊತ್ತಾಗುವುದು ಅವಕ್ಕೆ. ಅವು ಉಸಿರನ್ನು ಜೋರು ಮಾಡಿಸುತ್ತವೆ. ಆಗ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಮೆದುಳು ಇದನ್ನು ಕಂಡು, ಸಾಕು ನಿಧಾನಿಸು ಎಂದು ಬ್ರೇಕ್ ಹಾಕುತ್ತದೆ. ಒಂದು ಕಡೆ ಆಕ್ಸಿಲರೇಟರ್, ಇನ್ನೊಂದು ಕಡೆ ಬ್ರೇಕ್. ಈ ಬ್ರೇಕ್ ಬಿಡಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು, ಅಂದರೆ ಬೈಕಾರ್ಬನೇಟನ್ನು, ಅದು ಮೂತ್ರದಲ್ಲಿ ಹೊರಹಾಕುತ್ತದೆ, ಅದಕ್ಕೆ ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಮೊದಲೆರಡು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ ದೇಹ ಹೊಂದಿಕೊಳ್ಳುತ್ತಿದೆ ಎಂದೇ ತಿಳಿಯಿರಿ. ಹೊಸ ಕೆಂಪು ರಕ್ತಕಣ ತಯಾರಾಗಲು ವಾರಗಳೇ ಬೇಕು, ಹತ್ತು ದಿನದ ಪ್ರವಾಸಕ್ಕೆ ಅದು ಒದಗುವುದಿಲ್ಲ. ನಾವು ಕಾಯುವುದು ಮೂತ್ರಪಿಂಡಕ್ಕೆ. ಆ ಕಾಯುವ ದಿನಗಳನ್ನು ನಾನೂರು ಮೀಟರ್ ಕೆಳಗೆ ಕಳೆಯುವುದಷ್ಟೇ ನನ್ನ ಪದ್ಧತಿ.

ವಿಮಾನದಲ್ಲಿ ಬಂದವರಿಗೆ ಇನ್ನೊಂದು ಮೋಸವಿದೆ. ಇಳಿದ ಮೊದಲ ಆರು ಗಂಟೆ ಏನೂ ಅನ್ನಿಸುವುದಿಲ್ಲ. ಊಟ ಮಾಡಿ, ಮಾರ್ಕೆಟ್ ಸುತ್ತಿ, ಶಾಂತಿ ಸ್ತೂಪದ ಮೆಟ್ಟಿಲು ಹತ್ತಿಬಿಡುತ್ತಾರೆ. ತಲೆನೋವು, ವಾಕರಿಕೆ ಶುರುವಾಗುವುದು ರಾತ್ರಿ. ಗಾಡಿಯಲ್ಲಿ ಎರಡು ಗಂಟೆ ಕೂತರೆ ಈ ಓಡಾಟವೂ ತಪ್ಪುತ್ತದೆ. ಇದು ನಾನು ಎಣಿಸಿರದಿದ್ದ ಲಾಭ.

ಖರ್ಚು ಇದ್ದೇ ಇದೆ. ಟೆಂಪೋ ಟ್ರಾವೆಲರ್‌ಗೆ ಆರೇಳು ಸಾವಿರ ಹೆಚ್ಚು, ಮೇಲೆ ಲೇಹ್‌ನ ಎರಡು ರಾತ್ರಿ ರೂಮು ಬಿಟ್ಟದ್ದಕ್ಕೆ ಮೊದಲ ವರ್ಷ ಹೋಟೆಲಿನವರು ಮುಂಗಡ ವಾಪಸ್ ಕೊಡಲಿಲ್ಲ. ಆದರೆ ಹಿಂದೆ ರಾತ್ರೋರಾತ್ರಿ ಟ್ಯಾಕ್ಸಿ, ಆಮ್ಲಜನಕದ ಸಿಲಿಂಡರ್ ಬಾಡಿಗೆ, ಮೊಟಕಾದ ಪ್ರವಾಸಕ್ಕೆ ಹಣ ವಾಪಸ್ ಎಂದು ಹೋಗುತ್ತಿದ್ದದ್ದು ಇದರ ಮೂರು ಪಟ್ಟು.

ಈಗಿನ ಕ್ರಮ ಹೀಗಿದೆ. ಮೊದಲ ಎರಡು ರಾತ್ರಿ ಆಲ್ಚಿ, ಎರಡನೇ ದಿನ ಗಾಡಿಯಲ್ಲೇ ಲಾಮಾಯುರುಗೆ ಹೋಗಿ ಸಂಜೆಗೆ ವಾಪಸ್. ಹಗಲು ಮೇಲೆ, ರಾತ್ರಿ ಕೆಳಗೆ. ಮೂರು ನಾಲ್ಕನೇ ರಾತ್ರಿ ಲೇಹ್. ಐದನೇ ದಿನ ಖರ್ದುಂಗ್ ಲಾ ದಾಟಿ ನುಬ್ರಾದ ಹುಂಡರ್, ಅಲ್ಲಿ ಮತ್ತೆ 3,100ರ ಆಸುಪಾಸು. ಖರ್ದುಂಗ್ ಲಾದಲ್ಲಿ ಇಪ್ಪತ್ತು ನಿಮಿಷ ಮೀರಿದರೆ ಗಾಡಿ ಹಾರ್ನ್ ಹೊಡೆಯುತ್ತದೆ. ಅಂದಹಾಗೆ ಅಲ್ಲಿನ ಹಳೇ ಫಲಕದ 18,380 ಅಡಿ ಉತ್ಪ್ರೇಕ್ಷೆ, ನಿಜವಾದ ಎತ್ತರ 5,359 ಮೀಟರ್, ಅಂದರೆ 17,582 ಅಡಿ. ಪ್ಯಾಂಗಾಂಗ್ ಎಲ್ಲಕ್ಕಿಂತ ಕೊನೆಗೆ. ಸರೋವರದ ದಂಡೆ 4,200 ಮೀಟರ್ ಮೀರಿದೆ, ಅಲ್ಲಿ ಮಲಗಿಸುವುದಿಲ್ಲ. ಕೆಳಗಿನ ತಾಂಗ್ತ್ಸೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಸರೋವರಕ್ಕೆ. ಫೋಟೋಗೆ ಬೆಳಗಿನ ಬೆಳಕೇ ಚೆಂದ ಎಂದು ಹೇಳಿದರೆ ಯಾರೂ ಗೊಣಗುವುದಿಲ್ಲ.

ಒಂದು ಜೂನ್ ಗುಂಪಿನ ಆಕ್ಸಿಮೀಟರ್ ಅಂಕಿಗಳನ್ನು, ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿತ್ತು ಎಂಬುದನ್ನು ಹೇಳುತ್ತೇನೆ. ಅದರಲ್ಲಿ ನಲವತ್ತರ ಮ್ಯಾರಥಾನ್ ಓಟಗಾರರೊಬ್ಬರು, ಅರವತ್ತು ದಾಟಿದ ಅಮ್ಮ ಒಬ್ಬರು. ಆಲ್ಚಿಯ ಮೊದಲ ಸಂಜೆ ಇಬ್ಬರದೂ 87, 88ರ ಹತ್ತಿರ. ಮ್ಯಾರಥಾನ್ ಇಲ್ಲಿ ಏನೂ ಕಾಪಾಡುವುದಿಲ್ಲ, ಬಲವಿರುವವರು ಬೇಗ ಬೇಗ ನಡೆದು ಕೆಡುತ್ತಾರೆ. ಮುಳ್ಳಯ್ಯನಗಿರಿ ಹತ್ತಿ ಬಂದಿದ್ದೇನೆ ಸಾರ್ ಅನ್ನುವವರಿಗೂ ಇದೇ ಮಾತು. 1,930 ಮೀಟರ್‌ನಲ್ಲಿ ಕಾಲು ಪಳಗುತ್ತದೆ, ಉಸಿರು ಪಳಗುವುದಿಲ್ಲ. ರಾತ್ರಿ ಎರಡಕ್ಕೆ ಓಟಗಾರರು ಉಸಿರು ಸಿಕ್ಕಿಬಿದ್ದಂತಾಗಿ ಎದ್ದು ಕೂತರು, ಅಂಕಿ 79. ನಿದ್ದೆಯಲ್ಲಿ ಆ ಬ್ರೇಕ್ ಮೇಲುಗೈಯಾಗಿ ಹತ್ತು ಹದಿನೈದು ಸೆಕೆಂಡ್ ಉಸಿರು ನಿಲ್ಲುತ್ತದೆ, ಆಮೇಲೆ ಮೂರ್ನಾಲ್ಕು ದೊಡ್ಡ ಉಸಿರು, ಮತ್ತೆ ನಿಲ್ಲುತ್ತದೆ. ಎದ್ದು ಕೂತ ಐದು ನಿಮಿಷಕ್ಕೆ 86 ಆಯಿತು, ತಲೆನೋವಿಲ್ಲ, ಕೆಮ್ಮಿಲ್ಲ. ಎರಡು ದಿಂಬು ಎತ್ತರಿಸಿ ಮಲಗಿಸಿದೆವು. ಲೇಹ್‌ಗೆ ಹತ್ತಿದ ಮೂರನೇ ದಿನ ಅವರದು 86, ನಾಡಿ 96. ನಾಲ್ಕನೇ ದಿನದ ಸಂಜೆ 90, ನಾಡಿ 82. ಅಂಕಿ ಏರಿ ನಾಡಿ ಇಳಿದರೆ ಮುಂದಕ್ಕೆ ಹೊರಡಬಹುದು.

ಆಕ್ಸಿಮೀಟರ್ ತಣ್ಣಗಿನ ಬೆರಳಿಗೆ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ಒರೆಸಿ, ಒಂದು ನಿಮಿಷ ಕಾದು ಓದಬೇಕು. ಒಬ್ಬರ ಅಂಕಿಗಿಂತ ಗುಂಪಿನ ಜೊತೆ ಹೋಲಿಕೆ ಮುಖ್ಯ. ಎಲ್ಲರೂ 86ರಲ್ಲಿದ್ದು ಒಬ್ಬರು 74ರಲ್ಲಿದ್ದರೆ, ಕೂತಲ್ಲೇ ಏದುಸಿರು ಇದ್ದರೆ, ಒಣಕೆಮ್ಮು ಶುರುವಾದರೆ ಅದು ಶ್ವಾಸಕೋಶಕ್ಕೆ ನೀರಿಳಿಯುವ ಲಕ್ಷಣ, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ ಬರುತ್ತದೆ. ಇನ್ನೊಂದು ಪರೀಕ್ಷೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆ ಮೇಲೆ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮೆದುಳಿಗೆ ಊತ ಬಂದಿದೆ ಎಂದೇ ಭಾವಿಸಿ. ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ಸಿಲಿಂಡರ್ ಹಚ್ಚಿ ಆಗಲೇ ಆಸ್ಪತ್ರೆಗೆ. ಆಲ್ಚಿಯ ಕೊರತೆ ಇದೇ, ದೊಡ್ಡ ಆಸ್ಪತ್ರೆ ಲೇಹ್‌ನಲ್ಲಿದೆ. ಹಾಗಾಗಿ ತುಂಬಿದ ಸಿಲಿಂಡರ್ ಮತ್ತು ಒಬ್ಬ ಡ್ರೈವರ್ ರಾತ್ರಿಯಿಡೀ ನನ್ನ ಜೊತೆಗೇ.

ಔಷಧಿಯಲ್ಲಿ ಡೈಮಾಕ್ಸ್. ಮೂತ್ರಪಿಂಡ ತಡವಾಗಿ ಮಾಡುವುದನ್ನು ಅದು ಬೇಗ ಮಾಡಿಸುತ್ತದೆ. 250 ಮಿಲಿಗ್ರಾಂ ಮಾತ್ರೆಯ ಅರ್ಧ, ಬೆಳಗ್ಗೆ ಸಂಜೆ, ಹಿಂದಿನ ದಿನದಿಂದಲೇ, ವೈದ್ಯರನ್ನು ಕೇಳಿಯೇ. ಸಲ್ಫಾ ಅಲರ್ಜಿ ಇರುವವರು ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆಯಾಗುತ್ತದೆ, ಹೆದರಬೇಡಿ.

ಆಮ್ಲಜನಕ ಏರುತ್ತದೆಂದು ಜನ ಮೂಸುವ ಕರ್ಪೂರದ ಪೊಟ್ಟಣವನ್ನೂ ಪರೀಕ್ಷಿಸಿದೆ, ಮೂಸುವ ಮೊದಲೂ ಆಮೇಲೂ ಅಂಕಿ ಒಂದೇ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಐನೂರು ರೂಪಾಯಿಯ ಮೇಲೆ, ಹೆಚ್ಚೆಂದರೆ ಐದಾರು ನಿಮಿಷ. ಅಂಕಿ 84ರಿಂದ 93ಕ್ಕೆ ಜಿಗಿಯಿತು, ಡಬ್ಬಿ ಇಳಿಸಿದ ಸ್ವಲ್ಪ ಹೊತ್ತಿಗೆ ಮತ್ತೆ 84. ಬೆಳ್ಳುಳ್ಳಿ ಸೂಪಿನಿಂದ ಲಾಭವಾದದ್ದು ಅಡುಗೆಯವನಿಗೆ. ಗಾಡಿಯಲ್ಲಿ ಯಾರನ್ನು ಎಲ್ಲಿ ಕೂರಿಸುತ್ತೇನೆ, ಮೊದಲ ಸಂಜೆ ಏನು ಉಣ್ಣಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ಜೂನ್‌ಗೂ ಬುಕಿಂಗ್ ಬೇಕಲ್ಲ.